ಸ್ಟೇಜಿಂಗ್‌ನಲ್ಲಿ ಇದ್ದದ್ದು ಒಂದೇ ಸರ್ವರ್

ರಿಕ್ವೈರ್‌ಮೆಂಟ್ ವಾಕ್ಯಗಳನ್ನು ತರ್ಕದ ಸೂತ್ರ ಮಾಡಿ, ಅದರಿಂದ ಟೆಸ್ಟ್ ಹುಟ್ಟಿಸುವ ಟೂಲ್ ನಮ್ಮ ಟೀಮಿನದು. ಈ ಒಂದು ವಾಕ್ಯ ನಮ್ಮನ್ನು ರಾತ್ರಿವರೆಗೂ ವೈಟ್‌ಫೀಲ್ಡ್ ಆಫೀಸಿನಲ್ಲೇ ಕೂರಿಸಿತು:

```
Every branch connects to a server.
```

ಟೆಸ್ಟ್ ಎಲ್ಲಾ ಪಾಸ್ ಆಗಿದ್ದವು. ಪ್ರೊಡಕ್ಷನ್‌ನಲ್ಲಿ ಮಾತ್ರ ಜಯನಗರದ ಬ್ರಾಂಚ್ `s1`ಗೆ, ಮಲ್ಲೇಶ್ವರದ್ದು `s2`ಗೆ ಕನೆಕ್ಟ್ ಆಗಿತ್ತು. "ಎಲ್ಲರಿಗೂ ಸೇರಿ ಒಂದೇ ಸರ್ವರ್ ಅಲ್ವಾ ಸರ್ ನಾವು ಕೇಳಿದ್ದು?" ಅಂತ ಕ್ಲೈಂಟ್ ಕಾಲ್‌ನಲ್ಲಿ ಕೇಳಿದರು. ಯಾರೂ ಮಾತಾಡಲಿಲ್ಲ. ಕಾಲ್ ಮುಗಿದ ಮೇಲೆ ಮ್ಯಾನೇಜರ್, "ಟೆಸ್ಟ್ ಬರೆದವರು ಯಾರು?" ಅಂದರು. ಯಾರೂ ತಪ್ಪು ಬರೆದಿರಲಿಲ್ಲ. ಆ ವಾಕ್ಯಕ್ಕೇ ಎರಡು ಅರ್ಥ ಇದೆ:

```
∀x (branch(x) → ∃y (server(y) ∧ conn(x,y)))
∃y (server(y) ∧ ∀x (branch(x) → conn(x,y)))
```

ಮೊದಲನೆಯದರಲ್ಲಿ ಪ್ರತಿ ಬ್ರಾಂಚಿಗೂ ಯಾವುದೋ ಒಂದು ಸರ್ವರ್ ಇದ್ದರೆ ಸಾಕು. ಎರಡನೆಯದರಲ್ಲಿ ಎಲ್ಲಾ ಬ್ರಾಂಚಿಗೂ ಅದೇ ಸರ್ವರ್ ಆಗಬೇಕು.

ಇದು ಹುಟ್ಟುವುದು ಅರ್ಥ ಕಟ್ಟುವ ಕ್ರಮದಲ್ಲಿ. ಕನೆಕ್ಟ್ ಅನ್ನುವ ಕ್ರಿಯೆಗೆ ಬೇಕಾದದ್ದು ಎರಡು ವಸ್ತುಗಳು. 'ಎ ಸರ್ವರ್' ಅನ್ನುವುದು ವಸ್ತು ಅಲ್ಲ. ಅದು ಒಂದು ಗುಣವನ್ನು ತೆಗೆದುಕೊಂಡು "ಈ ಗುಣ ಇರುವ ಸರ್ವರ್ ಇದೆಯಾ" ಅಂತ ಹೇಳುವ ಫಂಕ್ಷನ್. ಹಾಗಾಗಿ ನೇರವಾಗಿ ಕೂರುವುದಿಲ್ಲ. ಅದರ ಜಾಗದಲ್ಲಿ `y` ಇಟ್ಟು, ಅದನ್ನು ಪಕ್ಕಕ್ಕೆ ತೆಗೆದಿಟ್ಟು, ಆಮೇಲೆ ಸೇರಿಸಬೇಕು. 1973ರ ಲೇಖನದಲ್ಲಿ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೇಗ್ ತೋರಿಸಿದ ದಾರಿಯೂ ಹೆಚ್ಚುಕಡಿಮೆ ಇದೇ. ಕೊನೆಗೆ ಸೇರಿದ್ದು ಹೊರಗೆ ನಿಲ್ಲುತ್ತದೆ. 'ಎವೆರಿ ಬ್ರಾಂಚ್' ಕೊನೆಗೆ ಸೇರಿದರೆ ಮೊದಲ ಸೂತ್ರ, 'ಎ ಸರ್ವರ್' ಕೊನೆಗೆ ಸೇರಿದರೆ ಎರಡನೆಯದು. ನಮ್ಮ ಟೂಲ್ ಯಾವಾಗಲೂ ವಾಕ್ಯದಲ್ಲಿ ಮೊದಲು ಬಂದದ್ದನ್ನೇ ಹೊರಗೆ ಇಡುತ್ತಿತ್ತು. ಅದನ್ನು ಯಾರಿಗೂ ಹೇಳುತ್ತಲೂ ಇರಲಿಲ್ಲ.

ನನಗೆ ಇಂದಿಗೂ ಚುಚ್ಚುವುದು ಟೆಸ್ಟ್ ಸುಮ್ಮನಿದ್ದ ಕಾರಣ. ಎರಡನೇ ಸೂತ್ರ ನಿಜವಾದರೆ ಮೊದಲನೆಯದೂ ನಿಜವೇ. ಉಲ್ಟಾ ಹಾಗಲ್ಲ. ನಾವು ಟೆಸ್ಟ್ ಓಡಿಸುವ ಸ್ಟೇಜಿಂಗ್‌ನಲ್ಲಿ ಇದ್ದದ್ದೇ ಒಂದು ಸರ್ವರ್. ಅಲ್ಲಿ ಎರಡೂ ಸೂತ್ರ ಒಟ್ಟಿಗೆ ನಿಜ ಆಗುತ್ತವೆ ಅಥವಾ ಒಟ್ಟಿಗೆ ಸುಳ್ಳಾಗುತ್ತವೆ. ಎಷ್ಟು ಸಲ ರನ್ ಮಾಡಿದರೂ ವ್ಯತ್ಯಾಸ ಕಾಣುವುದಿಲ್ಲ. ಕಾಣಬೇಕಾದರೆ ಕನಿಷ್ಠ ಎರಡು ಬ್ರಾಂಚ್, ಎರಡು ಸರ್ವರ್ ಬೇಕು:

```
b1 → s1
b2 → s2
```

ಇಲ್ಲಿ ಮೊದಲನೆಯದು ಪಾಸ್, ಎರಡನೆಯದು ಫೇಲ್. ಎರಡನೇ ಸ್ಟೇಜಿಂಗ್ ಸರ್ವರ್ ಕೇಳಿ ಹಾಕಿದ್ದ ಟಿಕೆಟ್ ಅಪ್ರೂವಲ್‌ಗೆ ಕಾಯುತ್ತಾ ಬಿದ್ದಿತ್ತು. ಟೆಸ್ಟ್ ಬರೆದವರನ್ನು ಹುಡುಕುವ ಮೊದಲು ಅದನ್ನು ನೋಡಬೇಕಿತ್ತು.

ಈಗ ಟೂಲ್ ಎರಡೂ ಸೂತ್ರ ಕಟ್ಟಿ, ಎರಡನ್ನೂ ಬೇರೆ ಮಾಡುವ ಇಂಥ ಪುಟ್ಟ ಸೆಟಪ್ ಹುಡುಕಿ, "ಇದು ನಡೆಯುತ್ತಾ?" ಅಂತ ಕ್ಲೈಂಟ್‌ಗೆ ಕಳಿಸುತ್ತದೆ. ಅವರಿಗೆ ಸೂತ್ರ ತೋರಿಸುವುದಿಲ್ಲ. ಎರಡು ಕಡೆಯೂ 'ಎವೆರಿ' ಇದ್ದರೆ ಕೇಳುವುದೂ ಇಲ್ಲ. ಅಲ್ಲಿ ಕ್ರಮ ಬದಲಾದರೂ ಅರ್ಥ ಒಂದೇ.