ಕಾರ್ಡ್‌ಶೀಟ್ ತೂಗಿ ವಿಸ್ತೀರ್ಣದ ಇಳಿಜಾರು: 10ನೇ ಸೆಂ.ಮೀ.ನ ತೊಡಕು ಬಗೆಹರಿಯಿತು

ಅಂತೂ ಲೆಕ್ಕ ಕೂಡಿತು. ಕಾರ್ಡ್‌ಶೀಟಿನ ಮೇಲೆ y = x²/20 ರೇಖೆ ಎಳೆದು, ಅದರ ಕೆಳಗೆ 0ಯಿಂದ x ವರೆಗಿನ ತುಂಡು ಕತ್ತರಿಸಿ, ಆ ತುಂಡಿನ ತೂಕದಿಂದ ವಿಸ್ತೀರ್ಣ ತೆಗೆಯುವ ಪ್ರಯೋಗ ಇದು. ಕಲನಶಾಸ್ತ್ರದ ಮೂಲಭೂತ ಪ್ರಮೇಯದ ಪ್ರಕಾರ, x ಮುಂದೆ ಸರಿದ ಹಾಗೆ ವಿಸ್ತೀರ್ಣ ಎಷ್ಟು ಬೇಗ ಏರುತ್ತದೆಯೋ ಅದು ಅಲ್ಲಿನ ರೇಖೆಯ ಎತ್ತರಕ್ಕೆ ಸಮ ಬರಬೇಕು. x = 10ರಲ್ಲಿ ಎತ್ತರ 5 ಸೆಂ.ಮೀ. ತಕ್ಕಡಿ ಮಾತ್ರ 5.7 ಅನ್ನುತ್ತಿತ್ತು.

ಮೊದಲ ಅನುಮಾನ ಹಾಳೆಯ ಮೇಲೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ, ಎಂದು ಅಂಗಡಿಯವರು ಕೊಟ್ಟ ಕಟ್ಟಿನಲ್ಲಿ 10×10 ಸೆಂ.ಮೀ. ಚೌಕ 2.8 ಗ್ರಾಂ ತೂಗಿತು, ತೂಗಬೇಕಾದ್ದು 3 ಗ್ರಾಂ. ಲೇಬಲ್ ನಂಬುವ ಹಾಗಿಲ್ಲ. ಕಾಗದ ತೇವ ಹೀರಿ ಭಾರವಾಗುವುದೂ ಉಂಟು. ಹಾಗಾಗಿ ಪ್ರತಿ ಸಲವೂ ಅದೇ ಹಾಳೆಯ ಚೌಕವನ್ನು ಜೊತೆಗೇ ತೂಗಬೇಕು. ಸರಿಯಾಗಿ 3.00 ಗ್ರಾಂ ಬಂದ ಹಾಳೆಯಲ್ಲೂ ಉತ್ತರ 5.7 ಆಗಿಯೇ ಉಳಿಯಿತು.

10ರ ವರೆಗಿನ ತುಂಡು 0.50 ಗ್ರಾಂ, 11ರ ವರೆಗಿನದು 0.67. ವ್ಯತ್ಯಾಸ 0.17 ಗ್ರಾಂ, ಅಂದರೆ ನಡುವಿನ 1 ಸೆಂ.ಮೀ. ಅಗಲದ ಪಟ್ಟಿಯ ತೂಕ; ಚದರ ಸೆಂ.ಮೀ.ಗೆ 0.03 ಗ್ರಾಂನಂತೆ 5.7. ಪಟ್ಟಿ ಕಿರಿದಾದರೆ ಸರಿಹೋದೀತು ಎಂದು 1 ಮಿ.ಮೀ.ಗೆ ಇಳಿಸಿದರೆ ಇನ್ನೂ ಕೆಟ್ಟಿತು. ಅಷ್ಟು ಸಣ್ಣ ಪಟ್ಟಿಯ ತೂಕ ಸುಮಾರು 0.015 ಗ್ರಾಂ. 0.01 ಗ್ರಾಂವರೆಗಷ್ಟೇ ತೋರಿಸುವ ತಕ್ಕಡಿ ಅದನ್ನು 0.01 ಅಥವಾ 0.02 ಎನ್ನುತ್ತದೆ, ಎತ್ತರ 3.3 ಅಥವಾ 6.7 ಆಗುತ್ತದೆ.

ಪರಿಹಾರ ಪಟ್ಟಿಯ ಆಕಾರದಲ್ಲೇ ಇತ್ತು. 10ರಿಂದ 11ರ ಪಟ್ಟಿಯ ತಲೆ ಓರೆ: ಎಡ ಅಂಚು 5, ಬಲ ಅಂಚು 6.05. 5 ಸೆಂ.ಮೀ. ಆಯತದ ಮೇಲೆ ಕೂತ ತ್ರಿಕೋನದಂಥ ಚೂರೇ ಹೆಚ್ಚುವರಿ ಅರ್ಧ ಸೆಂ.ಮೀ.ಗೆ ಕಾರಣ, ಉಳಿದದ್ದು ತಕ್ಕಡಿಯ ದುಂಡಂಕೆ. ಪಟ್ಟಿಯನ್ನು 9.5ರಿಂದ 10.5ಕ್ಕೆ ಸರಿಸಿದರೆ ಬಲಕ್ಕೆ ಹೆಚ್ಚಿದ್ದು ಎಡಕ್ಕೆ ಕಡಿಮೆಯಾದದ್ದನ್ನು ತುಂಬುತ್ತದೆ. ನಿಜವಾದ ವಿಸ್ತೀರ್ಣ 5.004.

ಇನ್ನೊಂದು ಬದಲಾವಣೆ: ಎರಡು ದೊಡ್ಡ ತುಂಡು ತೂಗಿ ಕಳೆಯುವುದೇ ಬೇಡ. ವಿಸ್ತೀರ್ಣಕ್ಕೆ ಹೊಸದಾಗಿ ಸೇರುವುದು ಆ ಪಟ್ಟಿ ಮಾತ್ರ, ಹಿಂದೆ ಕೂಡಿದ್ದೆಲ್ಲ ಕಳೆಯುವಾಗ ಹೊರಟೇ ಹೋಗುತ್ತದೆ. ಪಟ್ಟಿಯನ್ನಷ್ಟೇ ಹತ್ತು ಹಾಳೆಗಳಿಂದ ಕತ್ತರಿಸಿ ಒಟ್ಟಿಗೆ ತೂಗಿದರೆ 1.50 ಗ್ರಾಂ, ಅಂದರೆ ಎತ್ತರ 5.00. ಪ್ರಮೇಯ ಹೇಳುವುದೂ ಇದನ್ನೇ: ಕಿರಿದಾದ ಪಟ್ಟಿಯ ವಿಸ್ತೀರ್ಣವನ್ನು ಅಗಲದಿಂದ ಭಾಗಿಸಿದರೆ ಉಳಿಯುವುದು ಎತ್ತರ. ಪಟ್ಟಿ ಸಣ್ಣದಾದಷ್ಟೂ ಓರೆ ತಲೆಯ ಚೂರು ಅಗಲಕ್ಕಿಂತ ಬೇಗ ಕುಗ್ಗುತ್ತದೆ.

ಮುಂದಿನ ಕೆಲಸ ಮೆಟ್ಟಿಲಿನ ಆಕಾರ: 10ರ ವರೆಗೆ 4 ಸೆಂ.ಮೀ. ಎತ್ತರ, ಅಲ್ಲಿಂದ ಒಮ್ಮೆಲೇ 10. ಅಲ್ಲಿ ವಿಸ್ತೀರ್ಣದ ಗೆರೆ ಕಡಿಯುವುದಿಲ್ಲ, ಆದರೆ ಮೂಲೆಯಾಗಿ ತಿರುಗುತ್ತದೆ. ಎಡಕ್ಕೆ ಇಳಿಜಾರು 4, ಬಲಕ್ಕೆ 10. ನಡುವೆ ಇಟ್ಟ ಪಟ್ಟಿ ಮಾತ್ರ, ಎಷ್ಟೇ ಕಿರಿದು ಮಾಡಿದರೂ, 7 ಎಂದೇ ತೋರಿಸುತ್ತದೆ. ಆ ಹಾಳೆಯಲ್ಲಿ 7 ಸೆಂ.ಮೀ. ಎತ್ತರ ಎಲ್ಲಿಯೂ ಇಲ್ಲ. ಹಾಗಾಗಿ ಅಲ್ಲಿ ಎರಡೂ ಬದಿಯ ಪಟ್ಟಿಗಳನ್ನು ಬೇರೆ ಬೇರೆ ತೂಗಬೇಕು.