ಹಾಟ್‌ಬಾಕ್ಸಿನಲ್ಲಿ ಬೆಚ್ಚಗೆ ಕುಳಿತ ವಾಂಗೀಬಾತ್

ಮೈಸೂರಿನ ಹೊರವಲಯದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಊಟ ಕಳುಹಿಸುವ ಅಡುಗೆಮನೆಯೊಂದರ ಮೇಲ್ವಿಚಾರಣೆಯನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅಡುಗೆ ನಮ್ಮಲ್ಲಿ ಆಗುತ್ತದೆ, ಊಟ ಅಲ್ಲಿ ನಡೆಯುತ್ತದೆ. ನಡುವಿನ ಸಮಯವನ್ನು ದಾಟಿಸುವುದು 25 ಲೀಟರಿನ ಹಾಟ್‌ಬಾಕ್ಸುಗಳ ಕೆಲಸ. ಒಳಗೆ ಸ್ಟೀಲ್, ಹೊರಗೆ ಗಟ್ಟಿ ಪ್ಲಾಸ್ಟಿಕ್, ನಡುವೆ ಫೋಮ್ ತುಂಬಿದ ಈ ಪೆಟ್ಟಿಗೆಗಳಲ್ಲಿ ಹಾಕಿದ್ದು ಸಂಜೆಯವರೆಗೂ ಕೆಡುವುದಿಲ್ಲ ಎಂಬ ನಂಬಿಕೆ ನನ್ನನ್ನೂ ಸೇರಿಸಿ ಅಡುಗೆಮನೆಯ ಎಲ್ಲರಲ್ಲೂ ಇತ್ತು. ಅದು ತಪ್ಪೆಂದು ತಿಳಿದದ್ದು ಒಂದು ವಾಂಗೀಬಾತಿನಿಂದ.

ಅಂದು ಬೆಳಿಗ್ಗೆ 10 ಗಂಟೆಗೆ ವಾಂಗೀಬಾತ್ ಕಲಸಿ, 10:30ಕ್ಕೆ ಆರು ಹಾಟ್‌ಬಾಕ್ಸುಗಳಿಗೆ ತುಂಬಿ ಮುಚ್ಚಳ ಬಿಗಿದೆವು. ನಾಲ್ಕು ಪೆಟ್ಟಿಗೆ ಮಧ್ಯಾಹ್ನ 12:45ರ ಊಟಕ್ಕೆ ಹೋದವು, ತಿಂದವರಿಗೆ ಏನೂ ಆಗಲಿಲ್ಲ. ಉಳಿದ ಎರಡನ್ನು ಎರಡನೇ ಪಾಳಿಯವರಿಗೆಂದು ತೆರೆಯದೆ ಇಟ್ಟು ಸಂಜೆ 5:30ಕ್ಕೆ ಬಡಿಸಲಾಯಿತು. ರಾತ್ರಿ 8ರ ಹೊತ್ತಿಗೆ ಏಳು ಮಂದಿಗೆ ವಾಂತಿ ಶುರುವಾಗಿತ್ತು. ಜ್ವರವಿರಲಿಲ್ಲ, ಭೇದಿಯೂ ಹೆಚ್ಚಿರಲಿಲ್ಲ, ಬೆಳಗಾಗುವಷ್ಟರಲ್ಲಿ ಎಲ್ಲರೂ ಸುಧಾರಿಸಿಕೊಂಡರು. ನೋಡಿದ ವೈದ್ಯರು ಮೊದಲು ಕೇಳಿದ ಪ್ರಶ್ನೆಯೇ ‘ಅನ್ನ ತಿಂದಿದ್ದರಾ?’ ಎಂದು. ಊಟವಾದ ಒಂದರಿಂದ ಆರು ಗಂಟೆಯೊಳಗೆ ಹೀಗೆ ವಾಂತಿಯಾದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷವನ್ನು ಮೊದಲು ಶಂಕಿಸಬೇಕಾಗುತ್ತದೆ ಎಂದು ಅವರು ಹೇಳಿದರು. ಅನ್ನದ ಮಾದರಿಯನ್ನು ನಾವು ತೆಗೆದಿಟ್ಟಿರಲಿಲ್ಲವಾದ್ದರಿಂದ ಪ್ರಯೋಗಾಲಯದ ಪರೀಕ್ಷೆ ಆಗಲಿಲ್ಲ. ಅದೂ ನಮ್ಮದೇ ತಪ್ಪು.

ನಮ್ಮ ಅಡುಗೆ ಭಟ್ಟರಿಗೆ ಇದನ್ನು ಒಪ್ಪಲು ಮನಸ್ಸಿರಲಿಲ್ಲ. ‘ಪೆಟ್ಟಿಗೆ ತೆಗೆದಾಗ ಇನ್ನೂ ಬೆಚ್ಚಗೇ ಇತ್ತಂತಲ್ಲ ಸಾರ್, ಹಳಸಿದ ವಾಸನೆಯೂ ಇರಲಿಲ್ಲವಂತೆ’ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಸಮಾಧಾನಕ್ಕೆಂದು ಅವರು ಹೇಳಿದ ಆ ‘ಬೆಚ್ಚಗೆ’ಯಲ್ಲಿಯೇ ತೊಂದರೆ ಅಡಗಿತ್ತು.

ಬ್ಯಾಸಿಲಸ್ ಸೀರಿಯಸ್ ಮಣ್ಣಿನಲ್ಲಿರುವ ಜೀವಿ, ಅಕ್ಕಿಯ ಜೊತೆ ಸಹಜವಾಗಿಯೇ ಬರುತ್ತದೆ. ಅನ್ನ ಕುದಿಯುವಾಗ ಬ್ಯಾಕ್ಟೀರಿಯಾ ಸತ್ತರೂ ಅದರ ಗಟ್ಟಿ ಕವಚದ ಬೀಜಾಣುಗಳು ಉಳಿದುಕೊಳ್ಳುತ್ತವೆ. ಅನ್ನ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರುವವರೆಗೆ ಅವು ಸುಮ್ಮನಿರುತ್ತವೆ, ಅದಕ್ಕಿಂತ ಕೆಳಗಿಳಿದು ಕೈಗೆ ಹಿತವೆನಿಸುವ ಉಗುರುಬೆಚ್ಚಗಿನ ಮಟ್ಟಕ್ಕೆ ಬಂದಾಗ ಮೊಳೆತು ವೇಗವಾಗಿ ದ್ವಿಗುಣಗೊಳ್ಳತೊಡಗುತ್ತವೆ. ಹಾಗೆ ಬೆಳೆದವು ಅನ್ನದಲ್ಲಿ ಬಿಡುವ ವಾಂತಿಯ ವಿಷ ಮತ್ತೆ ಕುದಿಸಿದರೂ ಹಾಳಾಗುವುದಿಲ್ಲ. ಹಾಗಾಗಿ ‘ಇನ್ನೊಮ್ಮೆ ಚೆನ್ನಾಗಿ ಬಿಸಿ ಮಾಡಿದರಾಯಿತು’ ಎಂಬ ಉಪಾಯ ಇಲ್ಲಿ ನಡೆಯುವುದಿಲ್ಲ. ವಾಸನೆಯಿಂದಲೂ ಗೊತ್ತಾಗದು, ಏಕೆಂದರೆ ಅನ್ನ ಹಳಸಿ ನಾರುವುದಕ್ಕೆ ಬಹಳ ಮೊದಲೇ ವಿಷ ತಯಾರಾಗಿರಬಹುದು.

ಮರುದಿನ ಅದೇ ಕ್ರಮದಲ್ಲಿ ವಾಂಗೀಬಾತ್ ಮಾಡಿಸಿ, ಚೂಪು ಮೊನೆಯ ಥರ್ಮಾಮೀಟರನ್ನು ಪ್ರತಿ ಹಂತದಲ್ಲೂ ಚುಚ್ಚಿ ನೋಡಿದೆ. ಕೊಳದಪ್ಪಲೆಯಿಂದ ಇಳಿದಾಗ ಅನ್ನ 95 ಡಿಗ್ರಿಯಿತ್ತು. ಆದರೆ ವಾಂಗೀಬಾತಿಗೆ, ಚಿತ್ರಾನ್ನಕ್ಕೆ, ಪುಳಿಯೋಗರೆಗೆ ಬಿಸಿ ಅನ್ನವನ್ನು ಹಾಗೆಯೇ ಕಲಸಿದರೆ ಅಗುಳು ಮುದ್ದೆಯಾಗುತ್ತದೆಂದು ದೊಡ್ಡ ತಟ್ಟೆಗಳಲ್ಲಿ ಹರಡಿ, ಮೇಲೆ ಎಣ್ಣೆ ಚಿಮುಕಿಸಿ, ಫ್ಯಾನಿನ ಕೆಳಗೆ ಆರಿಸುವುದು ನಮ್ಮ ರೂಢಿ. ಅರ್ಧ ಗಂಟೆಯಲ್ಲಿ ಅನ್ನ 41ಕ್ಕೆ ಇಳಿದಿತ್ತು. ಅದಕ್ಕೆ ಬಿಸಿ ಬದನೆಕಾಯಿ ಗೊಜ್ಜು ಬೆರೆತ ಮೇಲೆ ಹಾಟ್‌ಬಾಕ್ಸಿನ ನಡುಮಧ್ಯದಲ್ಲಿ ಕಂಡದ್ದು 47 ಡಿಗ್ರಿ. ಮಧ್ಯಾಹ್ನ 1:30ಕ್ಕೆ ನೋಡಿದಾಗ 41, ಸಂಜೆ 5:30ಕ್ಕೆ 36. ಹಾಟ್‌ಬಾಕ್ಸ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಶಾಖದಲ್ಲಿ ನಾವು ಕೊಟ್ಟ ಅನ್ನವನ್ನು, ಹುದುಗು ಬರಲೆಂದು ಇಡ್ಲಿ ಹಿಟ್ಟನ್ನು ಬೆಚ್ಚಗೆ ಇಡುವಂತೆ ಏಳು ಗಂಟೆ ಜೋಪಾನವಾಗಿ ಇಟ್ಟಿತ್ತು. ಕ್ಯಾಸರೋಲಾಗಲಿ ಹಾಟ್‌ಬಾಕ್ಸಾಗಲಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಕೊಟ್ಟದ್ದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ ಎಂಬುದು ಗೊತ್ತಿದ್ದ ಸಂಗತಿಯೇ ಆದರೂ, ಆ ಮೂರು ಅಂಕಿಗಳನ್ನು ಪುಸ್ತಕದಲ್ಲಿ ಬರೆದು ನೋಡುವವರೆಗೆ ನನಗೆ ಅದರ ಅರ್ಥವಾಗಿರಲಿಲ್ಲ.

ಹಾಟ್‌ಬಾಕ್ಸಿನಲ್ಲಿ ಅನ್ನವನ್ನು ಎಷ್ಟು ಗಂಟೆ ಇಡಬಹುದು ಎಂಬ ಪ್ರಶ್ನೆಗೆ ಒಂದೇ ಉತ್ತರ ಏಕೆ ಇಲ್ಲವೆಂಬುದೂ ಆ ವಾರದ ಅಳತೆಗಳಲ್ಲಿಯೇ ಸ್ಪಷ್ಟವಾಯಿತು. ಅದೇ 25 ಲೀಟರಿನ ಪೆಟ್ಟಿಗೆಗೆ ಬಿಳಿ ಅನ್ನವನ್ನು 88 ಡಿಗ್ರಿಯಲ್ಲಿ ಕಂಠಪೂರ್ತಿ ತುಂಬಿದಾಗ, ಸುತ್ತಲಿನ ಗಾಳಿ 28 ಡಿಗ್ರಿ ಇದ್ದರೂ, 60ಕ್ಕೆ ಇಳಿಯಲು ಐದು ಗಂಟೆಗಿಂತ ತುಸು ಹೆಚ್ಚು ಬೇಕಾಯಿತು. 75ರಲ್ಲಿ ತುಂಬಿದಾಗ ಮೂರು ಗಂಟೆಯ ಮೇಲೆ ಸ್ವಲ್ಪ ಅಷ್ಟೆ. ಆರಂಭದ 13 ಡಿಗ್ರಿ ಕಳೆದುಕೊಂಡದ್ದಕ್ಕೆ ತೆತ್ತ ಬೆಲೆ ಎರಡು ಗಂಟೆ. ಇನ್ನು 88ರಲ್ಲೇ ತುಂಬಿದರೂ ಅರ್ಧ ಪೆಟ್ಟಿಗೆ ಮಾತ್ರ ತುಂಬಿದಾಗ ಎರಡೂವರೆ ಗಂಟೆಯ ಆಸುಪಾಸಿನಲ್ಲಿ 60 ಮುಟ್ಟಿತು. ಗೋಡೆಗಳಿಂದ ಸೋರುವ ಬಿಸಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಆದರೆ ಅದನ್ನು ಭರಿಸುವ ಅನ್ನ ಅರ್ಧವೇ ಇರುವುದರಿಂದ ಎರಡು ಪಟ್ಟು ಬೇಗ ತಣಿಯುತ್ತದೆ. ಊಟದ ಸಾಲಿನಲ್ಲಿ ಅರ್ಧ ಖಾಲಿಯಾದ ಪೆಟ್ಟಿಗೆಯನ್ನೇ ಮುಚ್ಚಿ ಮುಂದಿನ ಪಾಳಿಗೆ ಇಡುವುದು ಇದೇ ಕಾರಣಕ್ಕೆ ಅಪಾಯ. ಅದು ಮೂವತ್ತು ಬಾರಿ ತೆರೆದು ಮುಚ್ಚಿದ್ದೂ ಆಗಿರುತ್ತದೆ.

ಹೀಗಾಗಿ ನಾವು ಗಂಟೆಯನ್ನು ಮುಚ್ಚಳ ಹಾಕಿದ ಹೊತ್ತಿನಿಂದ ಎಣಿಸುವುದನ್ನು ಬಿಟ್ಟು 60ರ ಗೆರೆಯಿಂದ ಎಣಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ: ಬಡಿಸುವವರೆಗೆ 60 ಡಿಗ್ರಿಯ ಮೇಲಿರಲಿ, ಬೇಯಿಸಿದ ಆಹಾರ ಕೋಣೆಯ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರದಿರಲಿ. 60ರ ಮೇಲಿರುವಷ್ಟು ಹೊತ್ತು ರುಚಿ ಕೆಡಬಹುದೇ ಹೊರತು ಹೊಟ್ಟೆ ಕೆಡುವ ಭಯವಿಲ್ಲ. ಕೆಳಗಿಳಿದ ಮೇಲೆ ಎರಡು ಗಂಟೆಯೊಳಗೆ ಊಟ ಮುಗಿಯಬೇಕು, ಉಳಿದದ್ದು ಮನೆಗಾಗಲಿ ಮುಂದಿನ ಪಾಳಿಗಾಗಲಿ ಹೋಗಕೂಡದು. ನಮ್ಮ ವಾಂಗೀಬಾತಿನ ಲೆಕ್ಕ ಹಾಗೆ ನೋಡಿದರೆ ಪೆಟ್ಟಿಗೆಗೆ ಹೋಗುವ ಮೊದಲೇ, ತಟ್ಟೆಯ ಮೇಲೆ ಹರಡಿದಾಗಲೇ ಶುರುವಾಗಿತ್ತು. ಮಧ್ಯಾಹ್ನದ ಊಟವೂ ಆ ಎರಡು ಗಂಟೆಯನ್ನು ದಾಟಿಯೇ ನಡೆದಿತ್ತು, ಅದರಲ್ಲಿ ಯಾರಿಗೂ ಏನೂ ಆಗದಿದ್ದುದು ನಮ್ಮ ಅದೃಷ್ಟವೇ ಸರಿ.

ಕಲಸನ್ನವನ್ನು ಕೈಬಿಡುವಂತಿರಲಿಲ್ಲ, ಕಾರ್ಮಿಕರಿಗೆ ಅದು ಇಷ್ಟ. ಭಟ್ಟರೊಡನೆ ಕೂತು ಕ್ರಮವನ್ನೇ ಬದಲಿಸಿದೆವು. ಅಕ್ಕಿಗೆ ನೀರು ತುಸು ಕಡಿಮೆ ಹಾಕಿ ಅಗುಳು ಗಟ್ಟಿಯಾಗಿ ಬರುವಂತೆ ನೋಡಿಕೊಳ್ಳುತ್ತೇವೆ. ತಟ್ಟೆಯಲ್ಲಿ ಹರಡಿ ಎಣ್ಣೆ ಸವರುವುದು ಉಂಟು, ಆದರೆ ನೀರಾವಿ ಹಾರಲು ಹತ್ತು ನಿಮಿಷ ಮಾತ್ರ, ಫ್ಯಾನಿಲ್ಲದೆ. ಆಮೇಲೆ ಅನ್ನಕ್ಕೆ ಗೊಜ್ಜು ಸುರಿಯುವ ಬದಲು, ಒಲೆಯ ಮೇಲೆ ಕುದಿಯುತ್ತಿರುವ ಗೊಜ್ಜಿನ ಬಾಣಲೆಗೇ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಅಡಿಯಿಂದ ಮೇಲಕ್ಕೆ ಮಗುಚುತ್ತಾ, ನಡುವಿನ ಶಾಖ 80 ದಾಟುವವರೆಗೆ ಒಲೆ ಆರಿಸುವುದಿಲ್ಲ. ಮೊದಲ ಎರಡು ದಿನ ತಳ ಹಿಡಿಯಿತು, ಭಟ್ಟರು ಮುಖ ಗಂಟಿಕ್ಕಿಕೊಂಡಿದ್ದರು. ಒಂದೇ ಬಾಣಲೆಗೆ ಹಾಕುತ್ತಿದ್ದುದನ್ನು ಮೂರು ಪಾಲು ಮಾಡಿದ ಮೇಲೆ ಸರಿಹೋಯಿತು. ಎರಡನೇ ಪಾಳಿಗೆ ಈಗ ಮಧ್ಯಾಹ್ನ 3:30ಕ್ಕೆ ಪ್ರತ್ಯೇಕವಾಗಿ ಒಲೆ ಹಚ್ಚುತ್ತೇವೆ. ಗ್ಯಾಸಿನ ಖರ್ಚು ಹೆಚ್ಚಾಯಿತೆಂದು ಮಾಲೀಕರು ಗೊಣಗಿದರಾದರೂ ಆ ರಾತ್ರಿಯ ಆಸ್ಪತ್ರೆಯ ಬಿಲ್ಲು ಅವರಿಗೂ ನೆನಪಿತ್ತು.

ಸಾಂಬಾರು, ಹುಳಿ, ಕೂಟುಗಳಲ್ಲಿ ನಮಗೆ ಇಷ್ಟು ತೊಡಕಾಗಲಿಲ್ಲ, ಏಕೆಂದರೆ ಅವು ಕುದಿಯುತ್ತಲೇ ಪೆಟ್ಟಿಗೆ ಸೇರುತ್ತವೆ ಮತ್ತು ನೀರಿನಂಶ ಹೆಚ್ಚಿರುವುದರಿಂದ ಅನ್ನಕ್ಕಿಂತ ಹೆಚ್ಚು ಬಿಸಿ ಹಿಡಿದಿರುತ್ತವೆ. ಮೊಸರನ್ನ ಮಾತ್ರ ಹಾಟ್‌ಬಾಕ್ಸಿಗೆ ಎಂದೂ ಹೋಗಬಾರದು. ಅನ್ನವನ್ನು ಬಿಸಿಯಾಗಿ, ಮೊಸರನ್ನು ತಣ್ಣಗೆ ಬೇರೆ ಬೇರೆ ಕಳುಹಿಸಿ ಅಲ್ಲೇ ಕಲಸಿಸುತ್ತೇವೆ.

ಇದನ್ನೆಲ್ಲ ಕೇಳಿದ ನನ್ನ ತಂಗಿ, ಮಗಳ ಶಾಲೆಯ ಡಬ್ಬಿಯನ್ನು ತಂದು ಅದನ್ನೂ ಅಳೆಯಲು ಹೇಳಿದಳು. ಬೆಳಿಗ್ಗೆ 7:30ಕ್ಕೆ ತುಂಬಿದ್ದನ್ನು ಮಗು ತಿನ್ನುವುದು 12:30ಕ್ಕೆ. ಪ್ಲಾಸ್ಟಿಕ್ ಹೊರಮೈಯ, ಫೋಮಿನ ಟಿಫಿನ್ ಡಬ್ಬಿಗೆ 86 ಡಿಗ್ರಿಯ ಬಿಸಿಬೇಳೆಬಾತ್ ಹಾಕಿದಾಗ ಒಂದು ಗಂಟೆ ಕಾಲಿನಲ್ಲಿ 60ರ ಕೆಳಗೆ ಬಂತು, ಊಟದ ಹೊತ್ತಿಗೆ 33 ಆಗಿತ್ತು. ಚಿಕ್ಕ ಡಬ್ಬಿಗೆ ಮೈ ದೊಡ್ಡದು, ಒಳಗಿನ ಸರಕು ಕಡಿಮೆ, ಹಾಗಾಗಿ ಅದನ್ನು ಬೆಚ್ಚಗಿನ ಡಬ್ಬಿ ಎನ್ನಬಹುದೇ ಹೊರತು ಬಿಸಿ ಡಬ್ಬಿ ಎನ್ನಲಾಗದು. ಎರಡು ಪದರದ ಸ್ಟೀಲಿನ ನಡುವೆ ಗಾಳಿ ತೆಗೆದ ಫ್ಲಾಸ್ಕ್ ಡಬ್ಬಿಯಲ್ಲಿ ಅದೇ ಬಾತ್ ಐದು ಗಂಟೆಯ ನಂತರ 57 ಇತ್ತು. ಮರುದಿನ ಅದೇ ಡಬ್ಬಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಮುಚ್ಚಿಟ್ಟು, ಚೆಲ್ಲಿದ ತಕ್ಷಣ ಬಾತ್ ತುಂಬಿದಾಗ 61. ತಣ್ಣನೆಯ ಸ್ಟೀಲು ಮೊದಲ ನಿಮಿಷಗಳಲ್ಲಿ ಹೀರಿಕೊಳ್ಳುವ ಬಿಸಿ ಚಿಕ್ಕ ಡಬ್ಬಿಯಲ್ಲಿ ಆರೇಳು ಡಿಗ್ರಿಯಷ್ಟಿರುತ್ತದೆ. ಹತ್ತಾರು ಕಿಲೋ ಅನ್ನ ಹಿಡಿಯುವ ನಮ್ಮ ದೊಡ್ಡ ಪೆಟ್ಟಿಗೆಯಲ್ಲಿ ಅದು ಒಂದೆರಡು ಡಿಗ್ರಿ ಮಾತ್ರ, ಅಲ್ಲಿ ಕುದಿನೀರಿನ ಉಪಚಾರಕ್ಕೆ ಅಷ್ಟು ಫಲವಿಲ್ಲ.

ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ, ಮುಚ್ಚಳ ತೆಗೆದಾಗ ಬರುವ ಹಬೆಯನ್ನು ನಂಬಬೇಡಿ, 50 ಡಿಗ್ರಿಯಲ್ಲೂ ಹಬೆ ಕಾಣುತ್ತದೆ. ನಡುವಿನಿಂದ ತೆಗೆದ ತುತ್ತನ್ನು ಊದದೆ ಬಾಯಿಗಿಡಲು ಆಗುವಂತಿದ್ದರೆ ಅದು 60ರಿಂದ ಕೆಳಗಿಳಿದಿದೆ ಎಂದು ಎಣಿಸುವುದು ಒರಟು ಲೆಕ್ಕವಾದರೂ ಸುರಕ್ಷಿತ. ಬಿಸಿ ತುಂಬಿದ ಫ್ಲಾಸ್ಕ್ ಡಬ್ಬಿಯ ಹೊರಮೈ ಕೈಗೆ ಬೆಚ್ಚಗೆ ತಾಗಿದರೆ ಒಳಗಿನ ನಿರ್ವಾತ ಹೋಗಿದೆ, ಅದನ್ನಿನ್ನು ಸಾಮಾನ್ಯ ಡಬ್ಬಿಯೆಂದೇ ಭಾವಿಸಬೇಕು.

ನಮ್ಮ ಪುಸ್ತಕದಲ್ಲಿ ಈಗ ಪ್ರತಿ ಪೆಟ್ಟಿಗೆಗೂ ಒಂದು ನಂಬರ್ ಇದೆ, ತುಂಬಿದ ಹೊತ್ತು ಮತ್ತು ಶಾಖ, ತೆರೆದ ಹೊತ್ತು ಮತ್ತು ಶಾಖ ಬರೆಯಲಾಗುತ್ತದೆ. 4ನೇ ನಂಬರಿನದು ಉಳಿದವಕ್ಕಿಂತ ದಿನವೂ ಆರೇಳು ಡಿಗ್ರಿ ಕೆಳಗೆ ಬರುತ್ತಿತ್ತು. ಅಲ್ಲಾಡಿಸಿ ಕಿವಿಗೊಟ್ಟರೆ ಒಳಗೆ ನೀರು ಕುಲುಕುವ ಸದ್ದು. ತೊಳೆಯುವಾಗ ಅಂಚಿನ ಬಿರುಕಿನಿಂದ ನೀರಿಳಿದು ಫೋಮ್ ನೆನೆದುಹೋಗಿತ್ತು. ಅದರಲ್ಲಿ ಈಗ ತರಕಾರಿ ತುಂಬುತ್ತೇವೆ.