ಗುಡ್ಡವಿಲ್ಲದ ಊರಲ್ಲಿ ಏರು ಓಟದ ತಯಾರಿ

"ವಿಜಯಪುರದಾಗ ಒಂದು ಗುಡ್ಡ ಇಲ್ಲ. ಟ್ರೆಡ್‌ಮಿಲ್ ಮ್ಯಾಲ ನಡದ್ರ ಗುಡ್ಡ ಹತ್ತೂ ಓಟಕ್ಕ ತಯಾರಾಗಾಕ ಆಗ್ತದೇನ್ರಿ?"

ಆಗ್ತದ. ಆದರೆ ಹ್ಯಾಂಡಲಿನಿಂದ ಕೈ ಬಿಟ್ಟು ನಡೆದರೆ ಮಾತ್ರ.

ಈ ಪ್ರಶ್ನೆಯ ಹಿಂದೆಯೇ "ನಿಂತಲ್ಲೇ ನಡದ್ರ ಮ್ಯಾಲೆಲ್ಲಿ ಹೋಗ್ತೀರಿ?" ಎಂಬ ಇನ್ನೊಂದು ಬರುತ್ತದೆ. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಏರಿಗಿಟ್ಟ ಟ್ರೆಡ್‌ಮಿಲ್ಲಿನ ಬೆಲ್ಟು ನಿಮ್ಮನ್ನು ಒಂದೇ ಸಮನೆ ಕೆಳಕ್ಕೆ ಎಳೆಯುತ್ತಿರುತ್ತದೆ. ನಿಂತ ಜಾಗದಲ್ಲೇ ಉಳಿಯಬೇಕೆಂದರೆ ಪ್ರತಿ ಹೆಜ್ಜೆಗೂ ಮೈಭಾರವನ್ನು ಮೇಲೆತ್ತಲೇಬೇಕು. ಕಾಲಿನ ಮಟ್ಟಿಗೆ ಇದು ಗುಡ್ಡದ ಕೆಲಸವೇ. ಎದುರುಗಾಳಿ ಇರುವುದಿಲ್ಲ, ಅಷ್ಟೇ. ಹತ್ತುವ ನಿಧಾನ ವೇಗದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಸೆಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಫ್ಯಾನಿನ ಎದುರಿನ ಮಷೀನು ಹಿಡಿಯಿರಿ.

ಒಮ್ಮೆ ಜಿಮ್ಮಿನಲ್ಲಿ ಒಬ್ಬ ಹುಡುಗ ಮಷೀನನ್ನು 15 ಪರ್ಸೆಂಟ್ ಏರಿಗೆ ಇಟ್ಟು, ಮುಂದಿನ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಹಿಂದಕ್ಕೆ ಜೋತುಬಿದ್ದು ನಡೆಯುತ್ತಿದ್ದ. ಗಂಟೆಗೆ 7 ಕಿಲೋಮೀಟರ್ ವೇಗ. "ಅಣ್ಣಾ, ನೋಡ್ರಿ, ಇವತ್ತು 1000 ಮೀಟರ್ ಏರಿದೆ" ಅಂದ. "ಕೈ ಬಿಡಪಾ" ಅಂದೆ. ಬಿಟ್ಟ. ಎರಡು ನಿಮಿಷದೊಳಗೆ ಏದುಸಿರು ಬಂದು ವೇಗವನ್ನು 5ಕ್ಕೆ ಇಳಿಸಿದ. ಹಾಗೆ ಜೋತುಬಿದ್ದಾಗ ಮೈ ಬೆಲ್ಟಿಗೆ ಲಂಬ ಕೋನದಲ್ಲಿ ನಿಲ್ಲುತ್ತದೆ, ಸಮತಟ್ಟು ನೆಲದ ಮೇಲೆ ನಿಂತ ಹಾಗೆ. ಭಾರದ ಒಂದು ಪಾಲನ್ನು ತೋಳು ಹೊರುತ್ತದೆ. ಪರದೆಯ ಮೇಲಿನ ಅಂಕಿಗೆ ಇದೊಂದೂ ತಿಳಿಯುವುದಿಲ್ಲ. ಅವನ ತಪ್ಪೇನಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ.

ನಿಜವಾಗಿ ಯಾರಾದರೂ ಕೇಳಬೇಕಾದದ್ದು ಇದು: ನಾನು ಗಂಟೆಗೆ ಎಷ್ಟು ಮೀಟರ್ ಮೇಲೇರುತ್ತೇನೆ? ವರ್ಟಿಕಲ್ ಕಿಲೋಮೀಟರ್ ಎಂಬ ಓಟದಲ್ಲಿ 1000 ಮೀಟರ್ ಏರಬೇಕು, ದಾರಿಯ ಉದ್ದ 5 ಕಿಲೋಮೀಟರ್ ಮೀರುವಂತಿಲ್ಲ. ಅದನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಬೇಕೆಂದರೆ ಗಂಟೆಗೆ 800 ಮೀಟರ್ ಏರಬೇಕು. 15 ಪರ್ಸೆಂಟ್ ಏರಿನ ಮೇಲೆ ಅದು ಗಂಟೆಗೆ ಸುಮಾರು 5.4 ಕಿಲೋಮೀಟರ್ ನಡಿಗೆ. ಎಂಟು ನಿಮಿಷ ಈ ವೇಗ, ನಂತರ ಮೂರು ನಿಮಿಷ 2 ಪರ್ಸೆಂಟಿನಲ್ಲಿ ಆರಾಮ ನಡಿಗೆ. ಹೀಗೆ ನಾಲ್ಕು ಸುತ್ತಿಗೆ ಸುಮಾರು 425 ಮೀಟರ್ ಏರಿದಂತೆ. ವಾರಕ್ಕೊಂದು ಸುತ್ತು ಕೂಡಿಸುತ್ತ ಆರಕ್ಕೆ ಮುಟ್ಟಿಸಿ, ಆಗ 640 ಮೀಟರ್ ಆಗುತ್ತದೆ. ಕೊನೆಯ ಸುತ್ತಿನಲ್ಲಿ ಕೈ ತಾನಾಗಿ ಹ್ಯಾಂಡಲ್ ಕಡೆ ಹೋದರೆ ವೇಗ ನಿಮಗೆ ಹೆಚ್ಚಾಯಿತೆಂದೇ ಅರ್ಥ, 5ಕ್ಕೆ ಇಳಿಸಿ. ಮರುದಿನ ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಚುರುಗುಟ್ಟಿದರೆ ಆ ವಾರ ಏರನ್ನು 8 ಪರ್ಸೆಂಟಿಗೆ ಇಳಿಸಿ.

ಶುರು ಮಾಡುವ ಮುನ್ನ ಮಷೀನನ್ನೂ ಪರೀಕ್ಷಿಸಿ. ಏರನ್ನು 15ಕ್ಕೆ ಇಟ್ಟು ಬೆಲ್ಟ್ ನಿಲ್ಲಿಸಿ, ಫೋನಿನಲ್ಲಿ ಓರೆ ಅಳೆಯುವ ಲೆವೆಲ್ ಆ್ಯಪ್ ತೆರೆದು ಬೆಲ್ಟಿನ ಮೇಲೆ ಉದ್ದುದ್ದ ಇಡಿ. 15 ಪರ್ಸೆಂಟ್ ಎಂದರೆ 8.5 ಡಿಗ್ರಿ. 7 ತೋರಿಸಿದರೆ ನಿಮ್ಮದು 12 ಪರ್ಸೆಂಟ್, ಲೆಕ್ಕ ಅಲ್ಲಿಂದ ಹಾಕಿಕೊಳ್ಳಿ.

ಟ್ರೆಡ್‌ಮಿಲ್ಲಿನ ಮಿತಿಯೂ ಈ ಏರಿನಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಫುಲ್ಲಿ ಎಂಬಲ್ಲಿ 1000 ಮೀಟರನ್ನು 1.92 ಕಿಲೋಮೀಟರಿನೊಳಗೇ ಏರುತ್ತಾರೆ. ಅದರ ಸರಾಸರಿಯೇ 30 ಡಿಗ್ರಿ ದಾಟುತ್ತದೆ. ಅಷ್ಟು ಕಡಿದಾದಲ್ಲಿ ಓಡುವುದು ವ್ಯರ್ಥ. ಕೊಲೊರಾಡೋ ವಿಶ್ವವಿದ್ಯಾಲಯದವರು ವಿಶೇಷ ಟ್ರೆಡ್‌ಮಿಲ್ ಮೇಲೆ ಪಳಗಿದ ಓಟಗಾರರನ್ನು ಅಳೆದು ನೋಡಿದಾಗ, ಏರುವ ವೇಗ ಒಂದೇ ಇದ್ದರೂ ಸುಮಾರು 15 ಡಿಗ್ರಿ ದಾಟಿದ ಮೇಲೆ ಓಟಕ್ಕಿಂತ ನಡಿಗೆಗೇ ಕಡಿಮೆ ಶಕ್ತಿ ಖರ್ಚಾಗಿತ್ತು. ಆ ಕಡಿದಾದ ನಡಿಗೆಗೆ ನಮ್ಮೂರಲ್ಲಿ ಸಿಗುವುದು ಅಪಾರ್ಟ್‌ಮೆಂಟ್ ಮೆಟ್ಟಿಲು. ಎರಡೆರಡು ಮೆಟ್ಟಿಲು ಹತ್ತಿ, ಲಿಫ್ಟ್ ಇದ್ದರೆ ಅದರಲ್ಲಿ ಇಳಿಯಿರಿ. ದಯವಿಟ್ಟು ಗೋಳಗುಮ್ಮಟದ ಮೆಟ್ಟಿಲಿಗೆ ಹೋಗಬೇಡಿ, ಅದು ಸ್ಮಾರಕ.

ಇನ್ನು ಏರು ಹತ್ತುವಾಗ ಎರಡೂ ಕೈಯಲ್ಲಿ ಹಿಡಿದು ಊರುವ ಕೋಲು. ಅದನ್ನು ಜಿಮ್ಮಿನಲ್ಲಿ ಕಲಿಯಲಾಗದು, ಮೆಟ್ಟಿಲ ಮೇಲೆ ಮೊನೆ ಜಾರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿ ಹಳೆಯ ಕಾರಿನ ಟೈರು ಎಳೆಯುತ್ತ ಹೊಲದ ಮಣ್ಣುದಾರಿಯಲ್ಲಿ ಕೋಲೂರಿ ನಡೆಯಿರಿ. ಕೋಲನ್ನು ಮುಂದಕ್ಕೆ ಚಾಚಿ ಊರಿದರೆ ಅದು ನಿಮ್ಮನ್ನು ತಡೆಯುತ್ತದೆ, ಭುಜ ಕಿವಿಯತ್ತ ಏರುತ್ತದೆ. ಪಾದದ ಪಕ್ಕಕ್ಕೆ ಊರಿ, ಕೈ ಸೊಂಟ ದಾಟುವವರೆಗೆ ಹಿಂದಕ್ಕೆ ತಳ್ಳಿ. ಭಾರ ಬೀಳಬೇಕಾದದ್ದು ಮಣಿಕಟ್ಟಿನ ಪಟ್ಟಿಯ ಮೇಲೆ. ತಳ್ಳು ಮುಗಿದ ಕ್ಷಣ ಬೆರಳು ಬಿಚ್ಚಿದರೂ ಕೋಲು ಕೈಯಲ್ಲೇ ಉಳಿದರೆ ಪಟ್ಟಿ ಸರಿಯಾಗಿದೆ. ಮುಂಗೈ ಬಿಗಿದು ನೋಯುತ್ತಿದ್ದರೆ ನೀವು ಕೋಲನ್ನು ಹಿಂಡುತ್ತಿದ್ದೀರಿ, ಪಟ್ಟಿಯನ್ನು ಒಂದಿಷ್ಟು ಗಿಡ್ಡ ಮಾಡಿ ಮತ್ತೆ ಟೈರನ್ನು ಸೊಂಟಕ್ಕೆ ಕಟ್ಟಿಕೊಳ್ಳಿ.